ಆಪರೇಶನ್‌ಗೆ ಮೊದಲು ಕ್ರಿಯೇಟಿನ್ ಬಿಡಬೇಕೇನ್ರಿ?

"ಸರ, ಮುಂದಿನ ತಿಂಗಳು ಮೊಣಕಾಲಿನ ಲಿಗಮೆಂಟ್ ಆಪರೇಶನ್ ಐತ್ರಿ. ದಿನಾ ಒಂದು ಚಮಚ ಕ್ರಿಯೇಟಿನ್ ತಗೋತೀನಿ. ಬಿಡಬೇಕೇನ್ರಿ? ಡಾಕ್ಟರಿಗೆ ಹೇಳಲೇಬೇಕೇನ್ರಿ?"

ಅರಿವಳಿಕೆ ಕೊಡುವ ನನಗೆ ಹುಬ್ಬಳ್ಳಿಯ ಜಿಮ್ ಹುಡುಗರು, ಧಾರವಾಡದ ಗರಡಿಯವರು ಕೇಳುತ್ತಲೇ ಇರುವ ಪ್ರಶ್ನೆ ಇದು. ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಆಪರೇಶನ್ ದಿನಾಂಕ ಗೊತ್ತಿದ್ದರೆ ಎರಡು ವಾರ ಮೊದಲು ಬಿಡಿ. ಬಿಡಲು ಮರೆತಿದ್ದರೆ ಗಾಬರಿ ಬೇಡ, ಅರಿವಳಿಕೆ ಔಷಧಿಗೂ ಕ್ರಿಯೇಟಿನ್‌ಗೂ ಜಗಳ ಇದ್ದದ್ದು ಗೊತ್ತಿಲ್ಲ, ರಕ್ತವನ್ನೂ ಅದು ತೆಳುವಾಗಿಸುವುದಿಲ್ಲ. ಆದರೆ ಬಿಟ್ಟಿರಲಿ, ಬಿಡದಿರಲಿ, ಹೇಳಲೇಬೇಕು.

ಇಲ್ಲಿಯೇ ಆ ಹಟಮಾರಿ ಮಾತು ಅಡ್ಡ ಬರುತ್ತದೆ: "ಎರಡು ದಿನ ಮೊದಲ ಬಿಟ್ಟರ ಮೈಯಿಂದ ಹೋಗತೈತಿ, ಡಾಕ್ಟರಿಗೆ ಹೇಳೋದು ಬ್ಯಾಡ." ಹೋಗುವುದಿಲ್ಲ. ಎಪ್ಪತ್ತು ಕೆಜಿ ತೂಕದ ಗಂಡಸಿನ ಮೈಯಲ್ಲಿ ಪೌಡರ್ ಮುಟ್ಟದಿದ್ದರೂ ಸುಮಾರು 120 ಗ್ರಾಂ ಕ್ರಿಯೇಟಿನ್ ಇರುತ್ತದೆ, ಹೆಚ್ಚುಕಡಿಮೆ ಎಲ್ಲವೂ ಸ್ನಾಯುಗಳಲ್ಲಿ. ತಿಂಗಳುಗಟ್ಟಲೆ ಚಮಚ ಹಾಕಿಕೊಂಡವರಲ್ಲಿ ಅದು 140ರ ಆಚೆಗೂ ಹೋಗಬಹುದು. ಇದರಲ್ಲಿ ದಿನಕ್ಕೆ ನೂರಕ್ಕೆ ಎರಡು ಪಾಲಿಗಿಂತ ಕಡಿಮೆ ಮಾತ್ರ ಒಡೆದು ಕ್ರಿಯೇಟಿನಿನ್ ಆಗಿ ಮೂತ್ರದಲ್ಲಿ ಹೋಗುತ್ತದೆ. ಲೆಕ್ಕ ಹಾಕಿ: ಎರಡು ದಿನದಲ್ಲಿ ಕಳೆಯುವುದು ಐದು ಗ್ರಾಂ ಮಾತ್ರ. ಅಷ್ಟರಲ್ಲಿ ಲಿವರ್ ಮತ್ತು ಕಿಡ್ನಿ ತಾವೇ ಒಂದಿಷ್ಟು ತಯಾರಿಸಿರುತ್ತವೆ. ತುಂಬಿದ ಸಂಗ್ರಹ ಮೊದಲಿನ ಮಟ್ಟಕ್ಕೆ ಇಳಿಯಲು ನಾಲ್ಕರಿಂದ ಆರು ವಾರ ಬೇಕು. ಎರಡು ವಾರಕ್ಕೆ ಪೂರ್ತಿ ಇಳಿಯದಿದ್ದರೂ ರಿಪೋರ್ಟಿನ ಗೊಂದಲ ಬಹಳಷ್ಟು ಕಡಿಮೆಯಾಗುತ್ತದೆ.

ಯಾವ ಗೊಂದಲ? ಕಿಡ್ನಿ ಹೇಗಿದೆ ಎಂದು ನಾವು ನೋಡುವುದೇ ರಕ್ತದ ಕ್ರಿಯೇಟಿನಿನ್‌ನಿಂದ. ಗದಗಿನ 26 ವರ್ಷದ ಕಬಡ್ಡಿ ಆಟಗಾರನೊಬ್ಬ ಅಂತ ಹಿಡಿಯೋಣ. ಹೋದ ವರ್ಷದ ರಿಪೋರ್ಟಿನಲ್ಲಿ 1.1 ಇತ್ತು. ಈಗ ಪೌಡರ್ ನಡೆದಿದೆ, ಹಿಂದಿನ ಸಂಜೆ ಜೋರು ವ್ಯಾಯಾಮ, ರಾತ್ರಿ ಮಟನ್ ಊಟ, ಬೆಳಿಗ್ಗೆ ರಕ್ತ ಕೊಟ್ಟಾಗ 1.4 ಬಂತು. ಇವೆಲ್ಲವೂ ಆ ಅಂಕಿಯನ್ನು ಏರಿಸುವಂಥವೇ. ಸೂತ್ರಕ್ಕೆ ಹಾಕಿದರೆ ಕಿಡ್ನಿ ಸೋಸುವ ಶಕ್ತಿ 95ರಿಂದ 71ಕ್ಕೆ ಬಿದ್ದಂತೆ ಕಾಣುತ್ತದೆ. ಸೂತ್ರಕ್ಕೆ ಚಮಚದ ವಿಷಯ ಗೊತ್ತಿಲ್ಲ. ಹುಡುಗ ಬಾಯಿ ಬಿಡದಿದ್ದರೆ ನಮಗೂ ಗೊತ್ತಿಲ್ಲ. ಆಗ ಆಪರೇಶನ್ ಮುಂದಕ್ಕೆ ಹೋಗಬಹುದು. ನೋವಿಗೆ ಚೆನ್ನಾಗಿ ಒಗ್ಗುತ್ತಿದ್ದ ಡೈಕ್ಲೋಫೆನಾಕ್ ಕೊಡಲು ಕೈ ಹಿಂಜರಿಯುತ್ತದೆ, ಅಮಿಕಾಸಿನ್‌ನಂಥ ಔಷಧಿಯ ಪ್ರಮಾಣವೂ ಬದಲಾಗುತ್ತದೆ.

ಹೇಳಿದ್ದರೆ ದಾರಿ ಸರಳ. ಪೌಡರ್, ಮಾಂಸ, ವ್ಯಾಯಾಮ ನಿಲ್ಲಿಸಿ, ನೀರು ಚೆನ್ನಾಗಿ ಕುಡಿದು ಮತ್ತೊಮ್ಮೆ ಪರೀಕ್ಷೆ. ಜೊತೆಗೆ ಮೂತ್ರದಲ್ಲಿ ಅಲ್ಬುಮಿನ್ ಇದೆಯೇ ಎಂದು ನೋಡುತ್ತೇವೆ. ಆದರೂ ಸಂಶಯ ಉಳಿದರೆ ಸಿಸ್ಟಾಟಿನ್ ಸಿ ಪರೀಕ್ಷೆ, ಅದು ಕ್ರಿಯೇಟಿನ್‌ಗೆ ಏರುವುದಿಲ್ಲ. ಇದಕ್ಕೆ ಇನ್ನೊಂದು ಮಗ್ಗಲೂ ಇದೆ, ನನಗೆ ಹೆಚ್ಚು ಹೆದರಿಕೆ ಅದರದ್ದೇ. "ಅದು ಪೌಡರ್‌ದ್ದರಿ ಸರ" ಎಂದು ನೀವೇ ತೀರ್ಮಾನಿಸಿಬಿಟ್ಟರೆ ನಿಜವಾಗಿಯೂ ಕೆಟ್ಟ ಕಿಡ್ನಿ ಅದರ ಮರೆಯಲ್ಲಿ ಅಡಗಿಕೊಳ್ಳುತ್ತದೆ. ಮುಖ, ಕಾಲು ಬಾತಿದ್ದರೆ, ಮೂತ್ರದಲ್ಲಿ ನೊರೆ ನಿಲ್ಲುತ್ತಿದ್ದರೆ, ಬಿಪಿ ಏರಿದ್ದರೆ ಪೌಡರ್ ಮೇಲೆ ಹಾಕಿ ಸುಮ್ಮನಾಗಬೇಡಿ.

ಸರ್ಜನ್ನರಿಗೂ ಅರಿವಳಿಕೆ ಡಾಕ್ಟರಿಗೂ ಹೀಗೆ ಹೇಳಿ: "ಎಂಟು ತಿಂಗಳಿಂದ ದಿನಾ ಐದು ಗ್ರಾಂ ಕ್ರಿಯೇಟಿನ್ ತಗೋತಿದ್ದೆ, ಇಂಥಾ ತಾರೀಖಿಗೆ ಬಿಟ್ಟೀನ್ರಿ." ಹಳೆಯ ರಿಪೋರ್ಟ್ ಇದ್ದರೆ ತನ್ನಿ. ಡಬ್ಬಿಯ ಹಿಂಬದಿಯ ಫೋಟೋ ತೋರಿಸಿ, ಏಕೆಂದರೆ ಪ್ರಿ-ವರ್ಕೌಟ್ ಎಂದು ಮಾರುವ ಡಬ್ಬಿಗಳಲ್ಲಿ ಕ್ರಿಯೇಟಿನ್ ಜೊತೆ ಕೆಫೀನ್ ಮತ್ತಿತರ ಉತ್ತೇಜಕಗಳೂ ಇರುತ್ತವೆ. ಎದೆಬಡಿತ, ಬಿಪಿ ಏರಿಸುವ ಅವು ಅರಿವಳಿಕೆಯಲ್ಲಿ ನನಗೆ ಕ್ರಿಯೇಟಿನ್‌ಗಿಂತ ದೊಡ್ಡ ಚಿಂತೆ. ಜಿಮ್‌ನಲ್ಲಿ ಯಾರಾದರೂ ಇಂಜೆಕ್ಷನ್ ಕೊಟ್ಟಿದ್ದರೆ ಅದನ್ನೂ ಹೇಳಿ. ಅಪ್ಪನ ಎದುರು ಹೇಳಲು ಸಂಕೋಚವಾದರೆ ಅವರನ್ನು ಹೊರಗೆ ಕೂರಿಸಲು ಕೇಳಿ, ನಾವು ಕೂರಿಸುತ್ತೇವೆ. ಬಿಪಿ, ಸಕ್ಕರೆ, ಫಿಟ್ಸ್ ಮಾತ್ರೆಗಳನ್ನು ಮಾತ್ರ ಪೌಡರ್ ಜೊತೆ ಸೇರಿಸಿ ನೀವೇ ನಿಲ್ಲಿಸಬೇಡಿ.

ಯಾರೂ ಕೇಳದ, ಆದರೆ ಕೇಳಬೇಕಾದ ಮಾತೊಂದಿದೆ: ಆಪರೇಶನ್ ದಿನ ಬೆಳಗಿನ ಶೇಕ್. "ಊಟ ಮಾಡಿಲ್ರಿ, ಬರೇ ಪ್ರೋಟೀನ್ ಕುಡದೀನಿ" ಎನ್ನುತ್ತಾರೆ. ಹಾಲಿನಲ್ಲಿ ಕಲಸಿದ ಪ್ರೋಟೀನ್ ನಮ್ಮ ಲೆಕ್ಕದಲ್ಲಿ ಆಹಾರವೇ, ಅದಕ್ಕೆ ಕನಿಷ್ಠ ಆರು ಗಂಟೆ ಅಂತರ ಬೇಕು. ಬರೀ ನೀರಿಗೆ ಎರಡು ಗಂಟೆ ಸಾಕು. ಮೈಮರೆತು ಮಲಗಿದಾಗ ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದರೆ ಜೀವಕ್ಕೇ ಅಪಾಯ. ಕುಡಿದಿದ್ದರೆ ಥಿಯೇಟರ್ ಬಾಗಿಲಲ್ಲಾದರೂ ಹೇಳಿ, ಆಪರೇಶನ್ನನ್ನು ಮಧ್ಯಾಹ್ನಕ್ಕೆ ತಳ್ಳುತ್ತೇವೆ.