ಬೆಲೆ 60ಕ್ಕೆ ಇಳಿದರೆ ಗ್ರಿಡ್ ಬಾಟ್ ಕೈಯಲ್ಲಿ ಏನು ಉಳಿಯುತ್ತದೆ?

ಗ್ರಿಡ್ ಬಾಟ್ ಅಂದರೆ ಮೊದಲೇ ಹಾಕಿಟ್ಟ ಬೆಲೆಗಳಲ್ಲಿ ತಾನಾಗಿಯೇ ಕೊಂಡು ಮಾರುವ ಪ್ರೋಗ್ರಾಂ. ಅದನ್ನು ಅರ್ಥ ಮಾಡಿಕೊಳ್ಳಲು ಒಂದು ಹಾಳೆ, ಒಂದು ಪೆನ್ನು ಸಾಕು. ಯಾವುದೋ ಒಂದು ಕಾಯಿನ್ ಅಥವಾ ಷೇರಿನ ಇವತ್ತಿನ ಬೆಲೆ 100 ರೂಪಾಯಿ ಅಂದುಕೊಳ್ಳಿ. ಕೆಳಗೆ 80, ಮೇಲೆ 120 ಎಂದು ಎರಡು ಗೆರೆ ಎಳೆಯಿರಿ. ನಡುವೆ 4 ರೂಪಾಯಿಗೆ ಒಂದರಂತೆ ಮೆಟ್ಟಿಲು ಹಾಕಿ. ಕೆಳಗಿನ ಐದು ಮೆಟ್ಟಿಲುಗಳಲ್ಲಿ, ಅಂದರೆ 96, 92, 88, 84, 80ರಲ್ಲಿ, ತಲಾ 10 ಯೂನಿಟ್ ಕೊಳ್ಳುವ ಆರ್ಡರ್ ಇಡಿ. ಮೇಲಿನ ಐದರಲ್ಲಿ, 104ರಿಂದ 120ರವರೆಗೆ, ತಲಾ 10 ಯೂನಿಟ್ ಮಾರುವ ಆರ್ಡರ್ ಇಡಿ. ಮಾರಲು ಸರಕು ಬೇಕಲ್ವಾ? ಅದಕ್ಕೆ ಮೊದಲೇ 50 ಯೂನಿಟ್‌ಗಳನ್ನು 100ರ ಬೆಲೆಯಲ್ಲಿ ಕೊಂಡಿರಬೇಕು. ಅದಕ್ಕೆ 5,000 ರೂಪಾಯಿ. ಕೆಳಗಿನ ಐದು ಆರ್ಡರ್‌ಗಳಿಗೆ ತೆಗೆದಿಟ್ಟ ದುಡ್ಡು 4,400. ಒಟ್ಟು 9,400 ರೂಪಾಯಿ.

ಬೆಲೆ 96ಕ್ಕೆ ಇಳಿದರೆ ಬಾಟ್ 10 ಯೂನಿಟ್ ಕೊಳ್ಳುತ್ತದೆ, ತಕ್ಷಣ ಅವನ್ನು 100ಕ್ಕೆ ಮಾರುವ ಆರ್ಡರ್ ಇಡುತ್ತದೆ. ಬೆಲೆ ಮತ್ತೆ 100ಕ್ಕೆ ಬಂದರೆ 40 ರೂಪಾಯಿ ಸಿಕ್ಕಿತು. ಕೊಳ್ಳುವಾಗಲೂ ಮಾರುವಾಗಲೂ 0.1% ಶುಲ್ಕ ಇದೆ ಎಂದಿಟ್ಟುಕೊಂಡರೆ ಸುಮಾರು 2 ರೂಪಾಯಿ ಹೋಗಿ 38 ಉಳಿಯುತ್ತದೆ. ಇಂಥ ಒಂದು ಸುತ್ತು ದಿನಕ್ಕೆ ನಾಲ್ಕು ಸಲ ನಡೆದರೂ ಸಾಕು, ಪರದೆಯ ಮೇಲೆ ಹಸಿರು ಅಂಕಿ ಏರುತ್ತಲೇ ಇರುತ್ತದೆ. ಈ ಅಂಕಿಯನ್ನು ನೋಡಿ ಜನ ದುಡ್ಡು ಜಾಸ್ತಿ ಹಾಕುತ್ತಾರೆ. ನನಗೆ ಭಯವಾಗುವುದು ಅಲ್ಲೇ.

ಏಕೆಂದರೆ ಆ ಹಸಿರು ಅಂಕಿ ಪೂರ್ತಿ ಲೆಕ್ಕ ಅಲ್ಲ. ಬೆಲೆ 60ಕ್ಕೆ ಇಳಿಯಿತು ಎಂದು ಹಾಳೆಯ ಮೇಲೆ ಬರೆದು ನೋಡಿ. ದಾರಿಯಲ್ಲಿ ಬಾಟ್ ಐದೂ ಮೆಟ್ಟಿಲುಗಳಲ್ಲಿ ಕೊಂಡಿದೆ. ಈಗ ಕೈಯಲ್ಲಿ 100 ಯೂನಿಟ್ ಇದೆ, ದುಡ್ಡು ಒಂದು ರೂಪಾಯಿಯೂ ಇಲ್ಲ. 9,400ಕ್ಕೆ ಕೊಂಡ ಸರಕಿನ ಬೆಲೆ 6,000. ನಷ್ಟ 3,400. ಅಷ್ಟರೊಳಗೆ 30 ಸುತ್ತು ಮುಗಿದಿದ್ದರೆ `Grid Profit` ಎಂಬಲ್ಲಿ 1,140 ರೂಪಾಯಿ ಹಸಿರಾಗಿ ಹೊಳೆಯುತ್ತಿರುತ್ತದೆ. ಒಟ್ಟು ಲಾಭ ನಷ್ಟ ತೋರಿಸುವ `Total PnL` ಎಂಬಲ್ಲಿ ಮಾತ್ರ ಸುಮಾರು 2,260 ರೂಪಾಯಿ ನಷ್ಟ ಕಾಣುತ್ತದೆ. ಎರಡೂ ನಿಜವಾದ ಅಂಕಿಗಳೇ. ಆದರೆ ನಿಮ್ಮ ಜೇಬಿಗೆ ಸಂಬಂಧಿಸಿದ್ದು ಎರಡನೆಯದು. 3,400ನ್ನು ಬರೀ ಸುತ್ತುಗಳಿಂದ ತುಂಬಿಸಬೇಕಾದರೆ ಸುಮಾರು 90 ಸುತ್ತು ಬೇಕು. ಬೆಲೆ 80ರ ಕೆಳಗಿದ್ದರೆ ಒಂದು ಸುತ್ತೂ ನಡೆಯುವುದಿಲ್ಲ.

ಈಗ ಇನ್ನೊಂದು ದಿಕ್ಕು. ಬೆಲೆ ನೇರವಾಗಿ 150ಕ್ಕೆ ಏರಿದರೆ ಬಾಟ್ 50 ಯೂನಿಟ್‌ಗಳನ್ನೂ 104ರಿಂದ 120ರ ನಡುವೆ ಮಾರಿಬಿಟ್ಟಿರುತ್ತದೆ. ಸಿಕ್ಕ ಲಾಭ 600. ಅದೇ 9,400 ರೂಪಾಯಿಗೆ ಮೊದಲ ದಿನವೇ 94 ಯೂನಿಟ್ ಕೊಂಡು ಸುಮ್ನೆ ಇಟ್ಟುಕೊಂಡಿದ್ದರೆ 4,700 ಲಾಭ ಬರುತ್ತಿತ್ತು. ಮೇಲೆ ಹೋದರೆ ಲಾಭಕ್ಕೆ ಸೂರು ಇದೆ, ಕೆಳಗೆ ಹೋದರೆ ಹಾಕಿದ ದುಡ್ಡೆಲ್ಲ ಹೋಗುವವರೆಗೂ ನಷ್ಟಕ್ಕೆ ನೆಲ ಇಲ್ಲ. ಗ್ರಿಡ್ ಬಾಟ್‌ನ ಆಕಾರವೇ ಹೀಗೆ. ಯಾವ ಸೆಟ್ಟಿಂಗ್ ಬದಲಿಸಿದರೂ ಇದು ಹೋಗುವುದಿಲ್ಲ.

"ಆದರೂ ಸುತ್ತುಗಳಿಂದ ಬರುವ ದುಡ್ಡು ಪುಕ್ಕಟೆ ಅಲ್ವಾ?" ಎಂದು ಗೆಳೆಯರೊಬ್ಬರು ಕೇಳಿದ್ದರು. ಒಳ್ಳೆಯ ಪ್ರಶ್ನೆ. ಬೆಲೆ ನಾಣ್ಯ ಚಿಮ್ಮಿದಂತೆ ನಡೆಯುತ್ತದೆ ಅಂದುಕೊಳ್ಳಿ, ಒಂದು ಹೆಜ್ಜೆ ಮೇಲೆ ಅಥವಾ ಒಂದು ಹೆಜ್ಜೆ ಕೆಳಗೆ, ಎರಡಕ್ಕೂ ಸಮಾನ ಅವಕಾಶ. ಈ ಕ್ಷಣ ನಿಮ್ಮ ಕೈಯಲ್ಲಿ 30 ಯೂನಿಟ್ ಇರಲಿ, 80 ಇರಲಿ, ಮುಂದಿನ ಹೆಜ್ಜೆಯಲ್ಲಿ ಸರಾಸರಿ ಲಾಭ ಸೊನ್ನೆಯೇ. ಎಷ್ಟು ಯೂನಿಟ್ ಹಿಡಿದುಕೊಳ್ಳಬೇಕು ಎಂಬುದನ್ನಷ್ಟೇ ಬಾಟ್ ಬದಲಿಸುತ್ತದೆ. ಸೊನ್ನೆಗಳನ್ನು ಎಷ್ಟು ಕೂಡಿಸಿದರೂ ಸೊನ್ನೆ, ಅದರಿಂದ ಶುಲ್ಕ ಕಳೆಯಬೇಕು. ಹಾಗಾದರೆ ಆ 38 ರೂಪಾಯಿಗಳು ಎಲ್ಲಿಂದ ಬಂದವು? ಯಾವತ್ತೋ ಒಂದು ದಿನ ಬರುವ ದೊಡ್ಡ ನಷ್ಟಕ್ಕೆ ಮುಂಗಡವಾಗಿ ಸಿಕ್ಕ ಸಣ್ಣ ಸಣ್ಣ ಕಂತುಗಳು ಅವು. ಬೆಲೆ ನಿಜಕ್ಕೂ ಎರಡು ಗೆರೆಗಳ ನಡುವೆಯೇ ಹೋಗಿ ಬಂದು ಮಾಡುವ ಕಾಲದಲ್ಲಿ ಮಾತ್ರ ಬಾಟ್‌ಗೆ ಅನುಕೂಲ. ಆ ಕಾಲ ಯಾವಾಗ ಮುಗಿಯುತ್ತದೆ ಎಂದು ಬಾಟ್‌ಗೆ ಗೊತ್ತಾಗುವುದಿಲ್ಲ. 2020ರ ಮಾರ್ಚ್ 12ರಂದು ಬಿಟ್‌ಕಾಯಿನ್ ಸುಮಾರು 7,900 ಡಾಲರ್‌ನಿಂದ ಒಂದೇ ದಿನದಲ್ಲಿ 5,000ದ ಕೆಳಗೆ ಬಿತ್ತು. ಅಂಥ ದಿನ ಕೆಳಗಿನ ಗೆರೆ ದಾಟಲು ಗಂಟೆಗಳು ಸಾಕು.

ಹಾಗಾಗಿ ಸೆಟ್ಟಿಂಗ್ ನೋಡುವಾಗ ನಾನು ಮೊದಲು ಬರೆದುಕೊಳ್ಳುವುದು ನಷ್ಟದ ಅಂಕಿ. ಬೆಲೆ 76ಕ್ಕೆ ಇಳಿದ ಕೂಡಲೇ ಎಲ್ಲವನ್ನೂ ಮಾರಿಬಿಡುವ ಸ್ಟಾಪ್ ಲಾಸ್ ಇಟ್ಟರೆ, ಸರಾಸರಿ 94ಕ್ಕೆ ಕೊಂಡ 100 ಯೂನಿಟ್‌ಗಳ ಮೇಲೆ ತಲಾ 18 ರೂಪಾಯಿ, ಅಂದರೆ 1,800 ಹೋಗುತ್ತದೆ. ಅದು 47 ಸುತ್ತುಗಳ ಸಂಪಾದನೆ. ಬೆಲೆ ಒಮ್ಮೆಲೇ ಜಿಗಿದು ಇಳಿದರೆ 76ಕ್ಕೆ ಮಾರಾಟವಾಗದೆ 73ಕ್ಕೂ ಆಗಬಹುದು. ಷೇರಿನಲ್ಲಿ ರಾತ್ರಿ ಮಾರುಕಟ್ಟೆ ಮುಚ್ಚಿರುವುದರಿಂದ ಬೆಳಗ್ಗೆ ಹೀಗೆ ಆಗುವುದು ಅಪರೂಪವೇನಲ್ಲ.

ಇನ್ನು ಮೆಟ್ಟಿಲುಗಳ ಸಂಖ್ಯೆ. ಮೆಟ್ಟಿಲು ಹೆಚ್ಚಿದಷ್ಟೂ ಸುತ್ತು ಹೆಚ್ಚುತ್ತದೆ ಎಂದು 10ರ ಜಾಗದಲ್ಲಿ 200 ಹಾಕುವವರಿದ್ದಾರೆ. ಆಗ ಒಂದು ಮೆಟ್ಟಿಲಿನ ಎತ್ತರ ಬರೀ 20 ಪೈಸೆ. ಎಲ್ಲ ಮೆಟ್ಟಿಲುಗಳೂ ರೂಪಾಯಿಯಲ್ಲಿ ಸಮ ಇದ್ದಾಗ ಶೇಕಡಾವಾರು ಲಾಭ ಅತಿ ಕಡಿಮೆ ಇರುವುದು ಮೇಲ್ತುದಿಯಲ್ಲಿ. ಆದ್ದರಿಂದ ಪರೀಕ್ಷೆ ಮಾಡಬೇಕಾದ್ದು ಕೊನೆಯ ಮೆಟ್ಟಿಲನ್ನು:

```python
low, high, n, fee = 80, 120, 10, 0.001
step = (high - low) / n
buy = high - step
net = step - fee * (high + buy)
print(round(net / buy * 100, 2))
```

`n` 10 ಇದ್ದಾಗ ಉತ್ತರ 3.24%. 100 ಮಾಡಿದರೆ 0.13%. 200 ಮಾಡಿದರೆ ಮೈನಸ್ 0.03%. ಅಂದರೆ ಮೇಲ್ತುದಿಯಲ್ಲಿ ಪ್ರತಿ ಸುತ್ತಿಗೂ ಕೈಯಿಂದ ದುಡ್ಡು ಹೋಗುತ್ತದೆ, ಕೆಳತುದಿಯಲ್ಲಿ ಅಷ್ಟಿಷ್ಟು ಉಳಿಯುತ್ತದೆ.

ಭಾರತದಲ್ಲಿ ಕ್ರಿಪ್ಟೊ ಮೇಲೆ ಗ್ರಿಡ್ ಓಡಿಸುವವರು ಇದಕ್ಕೆ ತೆರಿಗೆಯನ್ನೂ ಸೇರಿಸಿ ನೋಡಬೇಕು. 2022ರ ಜುಲೈ 1ರಿಂದ ಮಾರಾಟದ ಮೊತ್ತದ ಮೇಲೆ 1% ಟಿಡಿಎಸ್ ಇದೆ. ಲಾಭದ ಮೇಲಲ್ಲ, ಇಡೀ ಮೊತ್ತದ ಮೇಲೆ. 1,000 ರೂಪಾಯಿಯ ಒಂದು ಮಾರಾಟಕ್ಕೆ 10 ರೂಪಾಯಿ ಕಡಿತ. ರಿಟರ್ನ್ ಸಲ್ಲಿಸಿದಾಗ ಅದು ಲೆಕ್ಕಕ್ಕೆ ಬರುತ್ತದೆ ನಿಜ, ಆದರೆ ಅಲ್ಲಿಯವರೆಗೆ ಆ ದುಡ್ಡು ಬಾಟ್‌ನ ಕೈಯಲ್ಲಿರುವುದಿಲ್ಲ. ಇಂಥ 100 ಮಾರಾಟವಾದರೆ 1,000 ರೂಪಾಯಿ ಆಚೆ ಹೋಗಿರುತ್ತದೆ, 9,400ರ ಬಂಡವಾಳದಲ್ಲಿ ಅದು ಸಣ್ಣದಲ್ಲ. ಕೊನೆಗೆ ಕೊಳ್ಳಲು ದುಡ್ಡು ಸಾಲದೆ ಕೆಳಗಿನ ಆರ್ಡರ್‌ಗಳು ನಿಂತುಹೋಗುತ್ತವೆ. ಲಾಭಕ್ಕೆ 30% ತೆರಿಗೆ, ಅದರ ಮೇಲೆ ಸೆಸ್. ಒಂದು ಮಾರಾಟದ ನಷ್ಟವನ್ನು ಇನ್ನೊಂದರ ಲಾಭದಿಂದ ಕಳೆಯಲು ಬಿಡುವುದಿಲ್ಲ. ಸಣ್ಣ ಲಾಭಗಳ ರಾಶಿ ಮತ್ತು ಒಂದು ದೊಡ್ಡ ನಷ್ಟ, ಇದೇ ಗ್ರಿಡ್‌ನ ಸ್ವಭಾವ. ಈ ತೆರಿಗೆ ಅದಕ್ಕೆ ಎಷ್ಟು ಕಷ್ಟ ಎಂದು ನೀವೇ ಊಹಿಸಿ.

ತಾನಾಗಿಯೇ ಕೊಳ್ಳುವ ಬಾಟ್‌ಗಳ ವಿಷಯಕ್ಕೂ ಒಂದು ಮಾತು. ತಿಂಗಳಿಗೊಮ್ಮೆ ಇಷ್ಟು ಎಂದು ಕೊಳ್ಳುವುದು ಎಸ್‌ಐಪಿಯಂತೆ, ಅದರಲ್ಲಿ ಗುಟ್ಟೇನೂ ಇಲ್ಲ. ಆದರೆ ಅದೇ ಹೆಸರಿನಲ್ಲಿ ಬರುವ ಇನ್ನೊಂದು ಬಗೆ ಇದೆ. ಬೆಲೆ 2% ಇಳಿದಾಗಲೆಲ್ಲ ಹಿಂದಿನದರ ಎರಡರಷ್ಟು ಕೊಳ್ಳುತ್ತದೆ. ಮೊದಲ ಆರ್ಡರ್ 1,000 ಎಂದು ಪರದೆ ತೋರಿಸುತ್ತದೆ, ಧೈರ್ಯ ಬರುತ್ತದೆ. ಆಮೇಲೆ 2,000, 4,000, 8,000, 16,000, 32,000. ಬೆಲೆ 10% ಇಳಿಯುವಷ್ಟರಲ್ಲಿ 63,000 ರೂಪಾಯಿ ಒಳಗೆ ಹೋಗಿರುತ್ತದೆ. ಇಲ್ಲಿ ನೋಡಬೇಕಾದ ಅಂಕಿ ಮೊದಲ ಆರ್ಡರಿನದಲ್ಲ, ಎಲ್ಲ ಆರ್ಡರ್‌ಗಳ ಮೊತ್ತ.

ಲೆಕ್ಕ ಸರಿಯಿದ್ದರೂ ಯಂತ್ರ ಕೈಕೊಡಬಹುದು. 2012ರ ಆಗಸ್ಟ್ 1ರ ಹೊತ್ತಿಗೆ ಅಮೆರಿಕದ ನೈಟ್ ಕ್ಯಾಪಿಟಲ್ ಎಂಬ ಷೇರು ವಹಿವಾಟಿನ ಕಂಪನಿ ತನ್ನ ಎಂಟು ಸರ್ವರ್‌ಗಳ ಪೈಕಿ ಏಳಕ್ಕೆ ಹೊಸ ಕೋಡ್ ಹಾಕಿತ್ತು, ಒಂದು ಬಿಟ್ಟುಹೋಗಿತ್ತು. ಆ ದಿನ ಆ ಒಂದರಲ್ಲಿ ಬಳಕೆ ತಪ್ಪಿದ್ದ ಹಳೆಯ ಕೋಡ್ ಎಚ್ಚರಗೊಂಡು, ಆರ್ಡರ್ ಪೂರ್ತಿಯಾದದ್ದು ತಿಳಿಯದೆ ಮತ್ತೆ ಮತ್ತೆ ಆರ್ಡರ್ ಕಳಿಸಿತು. ಸುಮಾರು 45 ನಿಮಿಷದಲ್ಲಿ 40 ಲಕ್ಷಕ್ಕೂ ಹೆಚ್ಚು ವಹಿವಾಟು, 46 ಕೋಟಿ ಡಾಲರ್‌ಗೂ ಹೆಚ್ಚು ನಷ್ಟ. ಮಾರುಕಟ್ಟೆ ತೆರೆಯುವ ಮೊದಲೇ ಈ ದೋಷದ ಸುಳಿವು ಕೊಡುವ 97 ಇಮೇಲ್‌ಗಳನ್ನು ಆ ವ್ಯವಸ್ಥೆಯೇ ಕಳಿಸಿತ್ತು. ಅವನ್ನು ಎಚ್ಚರಿಕೆ ಎಂದು ಯಾರೂ ತೆಗೆದುಕೊಳ್ಳಲಿಲ್ಲ. ಗಾಬರಿಯಲ್ಲಿ ಸರಿಯಿದ್ದ ಏಳು ಸರ್ವರ್‌ಗಳಿಂದಲೂ ಹೊಸ ಕೋಡ್ ತೆಗೆದರು, ತೊಂದರೆ ಇನ್ನೂ ಹೆಚ್ಚಿತು.

ನಮ್ಮ ಸಣ್ಣ ಬಾಟ್‌ಗಳಲ್ಲೂ ಇದೇ ಜಾತಿಯ ತಪ್ಪು ಆಗುತ್ತದೆ. ಬಾಟ್ ಒಂದು ಆರ್ಡರ್ ಕಳಿಸುತ್ತದೆ, ಅಷ್ಟರಲ್ಲಿ ನೆಟ್ ಹೋಗುತ್ತದೆ, ಉತ್ತರ ಬರುವುದಿಲ್ಲ. ಆರ್ಡರ್ ತಲುಪಿಲ್ಲ ಎಂದುಕೊಂಡು ಇನ್ನೊಮ್ಮೆ ಕಳಿಸುತ್ತದೆ. ನಿಜವಾಗಿ ಮೊದಲನೆಯದು ತಲುಪಿತ್ತು, ಈಗ ಎರಡಾಯಿತು. ಉತ್ತರ ಬರದಿದ್ದರೆ ಮೊದಲು ಆರ್ಡರ್ ಪಟ್ಟಿ ಕೇಳಿ ನೋಡಬೇಕು, ಆಮೇಲೆ ಮಾತ್ರ ಮತ್ತೆ ಕಳಿಸಬೇಕು. ಪ್ರತಿ ಆರ್ಡರ್‌ಗೂ ನಾವೇ ಒಂದು ಗುರುತು ಕೊಟ್ಟಿದ್ದರೆ ಹುಡುಕುವುದು ಸುಲಭ.

ನಾನು ಬರೆದುಕೊಂಡ ಬಾಟ್‌ಗೆ 5,000 ರೂಪಾಯಿ ಹಾಕಿ ಇದನ್ನು ಪರೀಕ್ಷಿಸಿದ್ದೆ. ಮೇಲಿನ ಉದಾಹರಣೆಯ ಗ್ರಿಡ್‌ನಲ್ಲಿ ಬೆಲೆ ಗೆರೆಗಳ ಒಳಗಿರುವವರೆಗೂ ತೆರೆದಿರುವ ಆರ್ಡರ್ ಯಾವಾಗಲೂ 10 ಇರಬೇಕು. ಒಂದು ಖರೀದಿ ಮುಗಿದರೆ ಅದರ ಮೇಲೊಂದು ಮಾರಾಟ ಹುಟ್ಟುತ್ತದೆ, ಲೆಕ್ಕ ತಪ್ಪುವುದಿಲ್ಲ. ವೈಫೈ ಕಿತ್ತು ಹಾಕಿದೆ, ಎಣಿಸಿದೆ, 10. ಪ್ರೋಗ್ರಾಂ ನಿಲ್ಲಿಸಿ ಮತ್ತೆ ಶುರು ಮಾಡಿದೆ, ಎಣಿಸಿದೆ, 20! ಹಳೆಯ ಆರ್ಡರ್‌ಗಳು ಎಕ್ಸ್‌ಚೇಂಜ್‌ನಲ್ಲಿ ಹಾಗೇ ಇದ್ದವು, ಬಾಟ್ ಅವನ್ನು ಮರೆತು ಹೊಸದಾಗಿ ಇನ್ನೊಂದು ಗ್ರಿಡ್ ಹಾಕಿತ್ತು. ಕರೆಂಟ್ ಹೋಗಿ ಬರುವ ನಮ್ಮ ಊರಲ್ಲಿ ಇದು ತಿಂಗಳಿಗೊಮ್ಮೆ ಆಗುತ್ತಿತ್ತು. ಹಳೆಯ ಬೆಲೆಗಳ ಮೇಲೆ ಮಾಡುವ ಬ್ಯಾಕ್‌ಟೆಸ್ಟ್ ಈ ತಪ್ಪನ್ನು ಎಂದೂ ತೋರಿಸುವುದಿಲ್ಲ. ಅಲ್ಲಿ ಕರೆಂಟ್ ಹೋಗುವುದಿಲ್ಲ. ಬೆಲೆ ಮುಟ್ಟಿದ ಕೂಡಲೇ ಆರ್ಡರ್ ಪೂರ್ತಿಯಾಯಿತು ಎಂದೇ ಲೆಕ್ಕ. ದಿನದ ಕ್ಯಾಂಡಲ್, ಅಂದರೆ ಆ ದಿನದ ಮೊದಲ, ಅತಿ ಹೆಚ್ಚಿನ, ಅತಿ ಕಡಿಮೆ, ಕೊನೆಯ ಬೆಲೆಗಳನ್ನಷ್ಟೇ ಕೊಟ್ಟರೆ 92 ಮೊದಲು ಬಂತೋ 104 ಮೊದಲು ಬಂತೋ ಅದಕ್ಕೆ ತಿಳಿಯದು, ತನಗೆ ತೋಚಿದ ಕ್ರಮದಲ್ಲಿ ಸುತ್ತು ಎಣಿಸುತ್ತದೆ.

ಕೊನೆಗೆ ನಾನು ಒತ್ತಿ ನೋಡಿದ್ದು ನಿಲ್ಲಿಸುವ ಬಟನ್. ಹೆಚ್ಚಿನವರು ಇದನ್ನು ತುರ್ತಿನಲ್ಲೇ ಮೊದಲ ಸಲ ಒತ್ತುತ್ತಾರೆ. ಕೆಲವು ಬಾಟ್‌ಗಳಲ್ಲಿ ಅದು ಆರ್ಡರ್‌ಗಳನ್ನಷ್ಟೇ ರದ್ದು ಮಾಡುತ್ತದೆ, ಕೊಂಡ ಯೂನಿಟ್‌ಗಳು ಹಾಗೇ ಉಳಿದು ಬೆಲೆಯ ಜೊತೆ ಇಳಿಯುತ್ತಲೇ ಇರುತ್ತವೆ. ಕೆಲವುಗಳಲ್ಲಿ ಇದ್ದದ್ದನ್ನೆಲ್ಲ ಸಿಕ್ಕ ಬೆಲೆಗೆ ಮಾರಿಬಿಡುತ್ತದೆ. ನನ್ನದು ಮೊದಲನೆಯ ಬಗೆ. 3 ಯೂನಿಟ್ ಕೈಯಲ್ಲಿದ್ದಾಗ ಒತ್ತಿದೆ, ಆರ್ಡರ್ ಪಟ್ಟಿ ಖಾಲಿಯಾಯಿತು, ಖಾತೆಯಲ್ಲಿ 3 ಯೂನಿಟ್ ಹಾಗೇ ಕೂತಿತ್ತು. ಅವನ್ನು ಮಾರಲು ಎಕ್ಸ್‌ಚೇಂಜ್‌ನ ಆ್ಯಪ್ ತೆರೆದು, ಓಟಿಪಿ ಬರುವವರೆಗೆ ಕಾದು, ಕೈಯಾರೆ ಆರ್ಡರ್ ಹಾಕುವಷ್ಟರಲ್ಲಿ ಆರು ನಿಮಿಷ ಹಿಡಿಯಿತು.