ತೊಗರಿ ಪಟ್ಟಿಯ ಐದು ಸಾಲುಗಳು ಮತ್ತು ಒಂದು ಸರಳರೇಖೆ

ಕಲಬುರಗಿಯಲ್ಲಿ ಪದವಿ ಓದುತ್ತಿರುವ ನನ್ನ ಅಣ್ಣನ ಮಗ ತೊಗರಿ ಸುಗ್ಗಿ ಮುಗಿಯುತ್ತ ಬಂದಿದ್ದ ಫೆಬ್ರುವರಿಯಲ್ಲಿ ನನ್ನ ಮೊಬೈಲಿಗೆ ಒಂದು ಫೋಟೋ ಕಳಿಸಿದ. ಪರಿಚಯದವರ ದಾಲ್ ಮಿಲ್ಲಿನ ರಿಜಿಸ್ಟರಿನ ಅರ್ಧ ಪುಟ ಅದು. ಒಂದು ಕಡೆ ರೈತರು ತಂದ ತೊಗರಿಯ ತೂಕ ಕ್ವಿಂಟಲ್‌ಗಳಲ್ಲಿ, ಇನ್ನೊಂದು ಕಡೆ ಅದರಿಂದ ಇಳಿದ ಬೇಳೆಯ ತೂಕ ಕಿಲೋಗಳಲ್ಲಿ. ಒಟ್ಟು ಐದು ಸಾಲುಗಳು. ಪುಟದ ಕೆಳಭಾಗ ಫೋಟೋದಲ್ಲಿ ಬಂದಿರಲಿಲ್ಲ, ಬಲಗಡೆಯ ಒಂದು ಕಾಲಮ್ಮಿನ ಮೇಲೆ ಅವನದೇ ಹೆಬ್ಬೆರಳು ಕುಳಿತಿತ್ತು. ಫೋಟೋದ ಬೆನ್ನಿಗೇ ಫೋನ್ ಬಂತು: "ಕಾಕಾ, ಆರು ಕ್ವಿಂಟಲಿನ ಮುಂದ ಇರೋದು ನಾನೂರ ಹತ್ತೋ, ನಾನೂರ ಎಪ್ಪತ್ತೋ ತಿಳೀವಲ್ದು ನೋಡ್ರಿ."

ಬರೆದವರ ಕೈಯಲ್ಲಿ ಒಂದರ ತಲೆಗೆ ಸಣ್ಣ ಕೊಕ್ಕೆ ಇತ್ತು, ಏಳರ ತಲೆಯೂ ಹೆಚ್ಚುಕಡಿಮೆ ಹಾಗೆಯೇ ಇತ್ತು. ಅವನಿಗೆ ಬೇಕಾಗಿದ್ದದ್ದು ಈ ಐದು ಸಾಲುಗಳಿಗೆ ಹೊಂದುವ ಸರಳರೇಖೆ, ಆ ರೇಖೆಯ ಪ್ರಕಾರ ಆರು ಕ್ವಿಂಟಲಿಗೆ ಬರಬೇಕಾದ ಬೇಳೆ, ಮತ್ತು ನಿಜವಾಗಿ ಬಂದ ಬೇಳೆಗೂ ಆ ಅಂದಾಜಿಗೂ ಇರುವ ಅಂತರ. ಈ ಅಂತರಕ್ಕೆ ಸಂಖ್ಯಾಶಾಸ್ತ್ರದಲ್ಲಿ ಶೇಷ ಎಂದು ಹೆಸರು. ಅಂಕಿಯನ್ನು ಸರಿಯಾಗಿ ಓದಿದ್ದೇವೆಯೇ ಎಂಬುದನ್ನು ಇದೇ ಶೇಷ ಬಹುಮಟ್ಟಿಗೆ ಹೇಳಬಲ್ಲದು. ಎಲ್ಲಿ ಹೇಳಲಾರದು ಎಂಬುದನ್ನೂ ಮೊದಲೇ ಲೆಕ್ಕ ಹಾಕಬಹುದು.

ಸದ್ಯಕ್ಕೆ 410 ಎಂದೇ ಓದೋಣ. ಆಗ ಪಟ್ಟಿ ಹೀಗಿದೆ: 2 ಕ್ವಿಂಟಲಿಗೆ 136 ಕಿಲೋ, 4ಕ್ಕೆ 280, 5ಕ್ಕೆ 348, 6ಕ್ಕೆ 410, 8ಕ್ಕೆ 566. ತೊಗರಿಯ ಸರಾಸರಿ 5 ಕ್ವಿಂಟಲ್, ಬೇಳೆಯ ಸರಾಸರಿ 348 ಕಿಲೋ. ನಾವು ಹುಡುಕುವ ರೇಖೆ ಈ ಎರಡು ಸರಾಸರಿಗಳು ಕೂಡುವ ಬಿಂದುವಿನ ಮೂಲಕವೇ ಹಾದುಹೋಗುತ್ತದೆ. ಆದ್ದರಿಂದ ಉಳಿಯುವ ಪ್ರಶ್ನೆ ಒಂದೇ: ಆ ಬಿಂದುವಿನಲ್ಲಿ ಮೊಳೆ ಹೊಡೆದು ರೇಖೆಯನ್ನು ಎಷ್ಟು ಓರೆಯಾಗಿ ನಿಲ್ಲಿಸಬೇಕು?

ಮೇಲೆ ಉಳಿದ ಶೇಷಗಳೂ ಕೆಳಗೆ ಉಳಿದ ಶೇಷಗಳೂ ಒಂದಕ್ಕೊಂದು ವಜಾ ಆಗುವಂತೆ ನಿಲ್ಲಿಸಿದರೆ ಸಾಕಲ್ಲವೇ ಎಂದು ಮೊದಲ ಸಲ ಕಲಿಯುವವರಿಗೆ ಅನಿಸುತ್ತದೆ. ಸಾಲದು. ತೊಗರಿ ಎಷ್ಟೇ ತಂದರೂ ಬೇಳೆ 348 ಕಿಲೋ ಎಂದು ಹೇಳುವ ಮಟ್ಟಸವಾದ ಅಡ್ಡಗೆರೆಯನ್ನೇ ತೆಗೆದುಕೊಂಡು ನೋಡಿ. ಅದರ ಶೇಷಗಳು −212, −68, 0, +62, +218; ಕೂಡಿದರೆ ಸೊನ್ನೆ. ಸರಾಸರಿ ಬಿಂದುವಿನ ಮೂಲಕ ಹಾಯುವ ಯಾವ ಗೆರೆಗೇ ಆದರೂ ಶೇಷಗಳ ಮೊತ್ತ ಸೊನ್ನೆಯೇ ಆಗುವುದರಿಂದ ಒಳ್ಳೆಯ ಗೆರೆಯನ್ನೂ ಕೆಟ್ಟ ಗೆರೆಯನ್ನೂ ಅದು ಬೇರ್ಪಡಿಸಿ ತೋರಿಸಲಾರದು. ಹೀಗಾಗಿ ಪ್ರತಿ ಶೇಷವನ್ನೂ ಅದರಿಂದಲೇ ಗುಣಿಸಿ ವರ್ಗ ಮಾಡಿ, ಆ ವರ್ಗಗಳ ಮೊತ್ತ ಎಲ್ಲಕ್ಕಿಂತ ಕಡಿಮೆಯಾಗುವ ಗೆರೆಯನ್ನು ಆರಿಸಿಕೊಳ್ಳುತ್ತೇವೆ. ಕನಿಷ್ಠ ವರ್ಗಗಳ ವಿಧಾನ ಎಂಬ ಹೆಸರು ಬಂದದ್ದು ಇದರಿಂದಲೇ. ಫ್ರಾನ್ಸಿನ ಲೆಜಾಂಡ್ರ್ 1805ರಲ್ಲಿ ಧೂಮಕೇತುಗಳ ಕಕ್ಷೆಯನ್ನು ಲೆಕ್ಕ ಹಾಕುವ ಸಂದರ್ಭದಲ್ಲಿ ಇದನ್ನು ಮೊದಲು ಪ್ರಕಟಿಸಿದರು. ತಾವು ಅದಕ್ಕೂ ಹಿಂದೆಯೇ ಬಳಸುತ್ತಿದ್ದುದಾಗಿ ಜರ್ಮನಿಯ ಗೌಸ್ 1809ರಲ್ಲಿ ಹೇಳಿಕೊಂಡರು.

ಇಳಿಜಾರನ್ನು ಕಂಡುಹಿಡಿಯುವ ಲೆಕ್ಕ ಬೆರಳ ಮೇಲೆ ಆಗುವಷ್ಟು ಸಣ್ಣದು. ತೊಗರಿಯ ತೂಕಗಳು ತಮ್ಮ ಸರಾಸರಿಯಿಂದ −3, −1, 0, +1, +3ರಷ್ಟು ದೂರದಲ್ಲಿವೆ. ಬೇಳೆಯ ತೂಕಗಳ ದೂರವನ್ನು ಈಗಷ್ಟೇ ಅಡ್ಡಗೆರೆಯ ಶೇಷಗಳಾಗಿ ನೋಡಿದೆವು. ಸಾಲು ಸಾಲಾಗಿ ಈ ಎರಡನ್ನೂ ಗುಣಿಸಿದರೆ 636, 68, 0, 62, 654 ಬರುತ್ತವೆ, ಒಟ್ಟು 1420. ತೊಗರಿಯ ದೂರಗಳ ವರ್ಗಗಳನ್ನು ಕೂಡಿದರೆ 9, 1, 0, 1, 9 ಸೇರಿ 20. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದಾಗ ಸಿಗುವ 71 ನಮ್ಮ ಇಳಿಜಾರು, ಅಂದರೆ ಒಂದು ಕ್ವಿಂಟಲ್ ತೊಗರಿ ಹೆಚ್ಚಾದರೆ ಸುಮಾರು 71 ಕಿಲೋ ಬೇಳೆ ಹೆಚ್ಚು. ರೇಖೆ 5 ಕ್ವಿಂಟಲಿನಲ್ಲಿ 348 ಕಿಲೋ ತೋರಿಸಬೇಕಾದ್ದರಿಂದ, 348ರಿಂದ 71ರ ಐದು ಪಟ್ಟನ್ನು ಕಳೆದು −7 ಎಂಬ ಸ್ಥಿರಾಂಕ ಪಡೆಯುತ್ತೇವೆ. ರೇಖೆ ಸಿದ್ಧವಾಯಿತು:

y = −7 + 71x

ಇದು ನಿಜಕ್ಕೂ ಕನಿಷ್ಠವೇ ಎಂಬ ಅನುಮಾನವನ್ನು ಸೂತ್ರವನ್ನು ನಂಬದೆಯೇ ಪರಿಹರಿಸಿಕೊಳ್ಳಬಹುದು, ಮತ್ತು ಪ್ರತಿಯೊಬ್ಬ ವಿದ್ಯಾರ್ಥಿಯೂ ಒಮ್ಮೆಯಾದರೂ ಕೈಯಾರೆ ಹಾಗೆ ಮಾಡಿ ನೋಡಬೇಕೆಂಬುದು ನನ್ನ ಅಭಿಪ್ರಾಯ. ಈ ರೇಖೆಯ ಶೇಷಗಳು +1, +3, 0, −9, +5. ವರ್ಗಗಳ ಮೊತ್ತ 116. ಅದೇ ಸರಾಸರಿ ಬಿಂದುವಿನಲ್ಲಿ ಇಳಿಜಾರನ್ನು 70ಕ್ಕೆ ಇಳಿಸಿದರೆ ಶೇಷಗಳು −2, +2, 0, −8, +8 ಆಗಿ ಮೊತ್ತ 136ಕ್ಕೆ ಏರುತ್ತದೆ. 72ಕ್ಕೆ ಏರಿಸಿದರೂ ಅದು 136 ಆಗುತ್ತದೆ. ಬೋಗುಣಿಯ ತಳದಲ್ಲಿ ನಿಂತವರಿಗೆ ಯಾವ ದಿಕ್ಕಿಗೆ ಹೋದರೂ ಏರೇ ಇರುವಂತೆ, 71ರ ಎರಡೂ ಬದಿಗೆ ಮೊತ್ತ ಹೆಚ್ಚುತ್ತಲೇ ಹೋಗುತ್ತದೆ.

ಈಗ ಆರು ಕ್ವಿಂಟಲಿನ ಸಾಲಿಗೆ ಬರೋಣ. ರೇಖೆಯ ಪ್ರಕಾರ 71ರ ಆರು ಪಟ್ಟು 426, ಅದರಿಂದ 7 ಕಳೆದರೆ 419 ಕಿಲೋ, ಇದು ಮುನ್ನಂದಾಜು. ರಿಜಿಸ್ಟರಿನಲ್ಲಿರುವುದು 410. ನೋಡಿದ್ದರಿಂದ ಅಂದಾಜನ್ನು ಕಳೆಯುವುದು ರೂಢಿಯಾದ್ದರಿಂದ ಶೇಷ −9, ಅಂದರೆ ಆ ರೈತರ ತೊಗರಿ ಅಂದಾಜಿಗಿಂತ ಒಂಬತ್ತು ಕಿಲೋ ಕಡಿಮೆ ಬೇಳೆ ಕೊಟ್ಟಿದೆ. ಪರೀಕ್ಷೆಯಲ್ಲಿ ಹುಡುಗರು ಇದನ್ನು ತಿರುಗಿಸಿ ಅಂದಾಜಿನಿಂದ ನೋಡಿದ್ದನ್ನು ಕಳೆದು +9 ಎಂದು ಬರೆಯುವುದುಂಟು. ಚಿಹ್ನೆ ತಪ್ಪಿದರೆ ಅರ್ಥವೇ ಉಲ್ಟಾ ಆಗಿ, ಕಡಿಮೆ ಬೇಳೆ ಇಳಿದ ಮಾಲು ಹೆಚ್ಚು ಇಳಿದಂತೆ ಕಾಣುತ್ತದೆ.

ಸ್ಥಿರಾಂಕ −7 ಎಂಬುದನ್ನು ಕಂಡು ಗಾಬರಿಯಾಗಬೇಕಿಲ್ಲ. ತೊಗರಿಯೇ ಇಲ್ಲದಾಗ ಬೇಳೆ ಋಣವಾಗುತ್ತದೆ ಎಂದು ಅದರ ಅರ್ಥವಲ್ಲ. ನಮ್ಮ ಪಟ್ಟಿ 2ರಿಂದ 8 ಕ್ವಿಂಟಲ್‌ವರೆಗಿನದು, ಆ ಎಲ್ಲೆಯ ಹೊರಗೆ ರೇಖೆ ಹೇಳುವುದಕ್ಕೆ ಈ ಪಟ್ಟಿಯ ಆಧಾರವಿಲ್ಲ. ಐದೇ ಸಾಲುಗಳ ಮೇಲೆ −7ನ್ನು ಸೊನ್ನೆಯಿಂದ ಬೇರೆ ಎಂದು ಹೇಳಲೂ ಬಾರದು.

ಇನ್ನು ಹುಡುಗನ ಪ್ರಶ್ನೆ. ಅವನು ಫೋನ್ ಮಾಡುವ ಮೊದಲು 470 ಎಂದು ಹಿಡಿದು ಲೆಕ್ಕ ಹಾಕಿದ್ದ. ಆಗ ರೇಖೆ y = −10 + 74x ಆಗುತ್ತದೆ. ಶೇಷಗಳು −2, −6, −12, +36, −16. ನಾಲ್ಕು ಸಾಲುಗಳು ರೇಖೆಯ ಕೆಳಗೆ, ಒಂದು ಮಾತ್ರ ಬಹಳ ಮೇಲೆ. ಇಂಥ ನೋಟ ಕಂಡಾಗ ಮೊದಲು ಮಾಡಬೇಕಾದ ಕೆಲಸ ಆ ಸಾಲಿನ ಅಂಕಿಯನ್ನು ಫೋಟೋದಲ್ಲಿ ದೊಡ್ಡದು ಮಾಡಿ ಮತ್ತೆ ಓದುವುದು. ಬೇಳೆಯನ್ನು ತೊಗರಿಯಿಂದ ಭಾಗಿಸಿ ನೋಡಿದರೂ ಅನುಮಾನ ಗಟ್ಟಿಯಾಗುತ್ತದೆ: ಉಳಿದ ನಾಲ್ಕು ಸಾಲುಗಳಲ್ಲಿ ಕ್ವಿಂಟಲಿಗೆ 68ರಿಂದ 71 ಕಿಲೋದೊಳಗೆ ಬೇಳೆ ಇಳಿದಿದ್ದರೆ ಇಲ್ಲಿ ಮಾತ್ರ 78 ದಾಟುತ್ತದೆ. ಸಿಪ್ಪೆ, ಹೊಟ್ಟು, ನುಚ್ಚು ಎಲ್ಲರ ತೊಗರಿಯಲ್ಲೂ ಹೋಗಲೇಬೇಕಾದವು; ಅದೇ ಯಂತ್ರದಲ್ಲಿ ಒಬ್ಬರಿಗೆ ಮಾತ್ರ ಅಷ್ಟು ಹೆಚ್ಚು ಇಳಿಯುವುದು ನಂಬುವಂಥದ್ದಲ್ಲ.

ಆದರೆ ಇಲ್ಲೊಂದು ಸೂಕ್ಷ್ಮವಿದೆ. ಓದಿನ ತಪ್ಪು 60 ಕಿಲೋದ್ದು, ಶೇಷ ಮಾತ್ರ −9ರಿಂದ +36ಕ್ಕೆ, ಅಂದರೆ 45ರಷ್ಟೇ ಬದಲಾಯಿತು. ಉಳಿದ 15 ಎಲ್ಲಿ ಹೋಯಿತು? ತಪ್ಪು ಬಿಂದು ರೇಖೆಯನ್ನೇ ತನ್ನ ಕಡೆಗೆ ಎಳೆದುಕೊಂಡಿತು, ಆರು ಕ್ವಿಂಟಲಿನ ಅಂದಾಜು 419ರಿಂದ 434ಕ್ಕೆ ಏರಿತು. ತಪ್ಪಿನ ಕಾಲು ಭಾಗವನ್ನು ರೇಖೆ ನುಂಗಿತು, ಮುಕ್ಕಾಲು ಭಾಗ ಶೇಷವಾಗಿ ಹೊರಗೆ ಕಂಡಿತು.

ಇದೇ ತಪ್ಪು ಕೊನೆಯ ಸಾಲಿನಲ್ಲಿ ಆಗಿದ್ದರೆ ಏನಾಗುತ್ತಿತ್ತು? ಆರರ ಹೊಟ್ಟೆ ಸೊನ್ನೆಯಂತೆ ಕಂಡು 566ನ್ನು 506 ಎಂದು ಓದಿದೆವು ಎನ್ನೋಣ. ತಪ್ಪಿನ ಗಾತ್ರ ಈಗಲೂ 60 ಕಿಲೋ. ಹೊಸ ರೇಖೆ y = 26 + 62x. ಶೇಷಗಳು −14, +6, +12, +12, −16. ಈ ಸಾಲನ್ನು ಮಾತ್ರ ನೋಡಿ ತಪ್ಪು ಯಾವುದೆಂದು ಹೇಳಲು ಪ್ರಯತ್ನಿಸಿ. ನಿಜವಾಗಿ ತಪ್ಪಿರುವ ಕೊನೆಯ ಸಾಲಿನ ಶೇಷ −16. ಏನೂ ತಪ್ಪಿಲ್ಲದ ಮೊದಲ ಸಾಲಿನದು −14. ತಪ್ಪು ಮಾಡಿದ ಬಿಂದು ಉಳಿದವುಗಳ ನಡುವೆ ಸೇರಿಕೊಂಡುಬಿಟ್ಟಿದೆ. ಎಂಟು ಕ್ವಿಂಟಲಿನ ಅಂದಾಜು 561ರಿಂದ 522ಕ್ಕೆ ಕುಸಿದು 60ರಲ್ಲಿ 39ನ್ನು ರೇಖೆಯೇ ನುಂಗಿದೆ, ಹೊರಗೆ ಉಳಿದದ್ದು 21 ಮಾತ್ರ.

ಸನ್ನೆಕೋಲಿನ ತುದಿಯನ್ನು ಒತ್ತಿದರೆ ಬಂಡೆ ಸುಲಭವಾಗಿ ಏಳುತ್ತದೆ, ಆನಿಕೆಯ ಹತ್ತಿರ ಒತ್ತಿದರೆ ಅಲುಗುವುದಿಲ್ಲ. ಇಲ್ಲಿ ಆನಿಕೆ ಎಂದರೆ ಸರಾಸರಿ ಬಿಂದು. ಅದರಿಂದ ದೂರ ಇರುವ ಸಾಲು ರೇಖೆಯನ್ನು ಬಲವಾಗಿ ತಿರುಗಿಸುತ್ತದೆ. ಈ ಬಲವನ್ನು ಅಳೆಯಲು, ಸರಾಸರಿಯಿಂದ ಇರುವ ದೂರದ ವರ್ಗವನ್ನು ಮೇಲೆ ಸಿಕ್ಕ 20ರಿಂದ ಭಾಗಿಸಿ, ಅದಕ್ಕೆ ಸಾಲುಗಳ ಸಂಖ್ಯೆಯ ವಿಲೋಮವಾದ ಐದನೇ ಒಂದನ್ನು ಕೂಡಿಸಬೇಕು. ಆರು ಕ್ವಿಂಟಲಿಗೆ ಅದು 0.25, ಎಂಟಕ್ಕೆ 0.65. ರೇಖೆ ನುಂಗಿದ ಪಾಲುಗಳು ಇವೇ. ಗಮನಿಸಿ, ಈ ಲೆಕ್ಕದಲ್ಲಿ ಬೇಳೆಯ ತೂಕ ಎಲ್ಲೂ ಬರುವುದಿಲ್ಲ. ಆದ್ದರಿಂದ ಯಾವ ಸಾಲಿನ ತಪ್ಪನ್ನು ಶೇಷ ಬಚ್ಚಿಡಬಲ್ಲದು ಎಂಬುದು ಬೇಳೆಯ ಅಂಕಿಗಳನ್ನು ಓದುವ ಮೊದಲೇ ತಿಳಿಯುತ್ತದೆ, ಮತ್ತು ಪಟ್ಟಿಯ ಎರಡು ತುದಿಗಳ ಅಂಕಿಗಳನ್ನು ಫೋಟೋದಲ್ಲಿ ಎರಡೆರಡು ಸಲ ಓದಬೇಕಾದದ್ದು ಈ ಕಾರಣಕ್ಕೇ. ಸ್ಥಿರಾಂಕ −7ರಿಂದ +26ಕ್ಕೆ ಜಿಗಿದದ್ದು, ಕೊನೆಯ ಸಾಲಿನಲ್ಲಿ ಕ್ವಿಂಟಲಿಗೆ 63 ಕಿಲೋ ಮಾತ್ರ ಬೇಳೆ ಇಳಿದಂತೆ ಕಾಣುವುದು ಇಲ್ಲಿ ಶೇಷಕ್ಕಿಂತ ಒಳ್ಳೆಯ ಸುಳಿವುಗಳು.

ಮರುದಿನ ಹುಡುಗ ಮಿಲ್ಲಿಗೆ ಹೋಗಿ ಮೂಲ ಪುಟವನ್ನೇ ನೋಡಿಬಂದ. ಅಲ್ಲಿದ್ದದ್ದು 410 ಮತ್ತು 566. ಫೋಟೋದಲ್ಲಿ ತಪ್ಪಿಹೋಗಿದ್ದ ಕೆಳಗಿನ ಸಾಲಿನಲ್ಲಿ ಬೇಳೆಯ ಒಟ್ಟು ಮೊತ್ತ 1740 ಎಂದೂ ಬರೆದಿತ್ತು. ಅದೊಂದು ಸಾಲು ಕಂಡಿದ್ದರೆ ಅಂಕಿಗಳನ್ನು ಕೂಡಿ ನೋಡಿ ಅರ್ಧ ನಿಮಿಷದಲ್ಲಿ ಅನುಮಾನ ಬಗೆಹರಿಯುತ್ತಿತ್ತು. ಹೆಬ್ಬೆರಳು ಮುಚ್ಚಿದ್ದು ಷರಾ ಕಾಲಮ್ಮನ್ನು. ಆರು ಕ್ವಿಂಟಲಿನ ಎದುರು ಅಲ್ಲಿ "ಹಸಿ ಮಾಲು" ಎಂದಿತ್ತು. ತೇವ ಹೆಚ್ಚಿರುವ ತೊಗರಿಯ ಸಿಪ್ಪೆ ಬೇಳೆಗೆ ಅಂಟಿಕೊಂಡೇ ಇರುತ್ತದೆ, ಅದನ್ನು ಬಿಡಿಸಲು ಇನ್ನೊಂದು ಸಲ ಯಂತ್ರಕ್ಕೆ ಹಾಕಿದರೆ ನುಚ್ಚು ಹೆಚ್ಚಾಗುತ್ತದೆ. ಒಂಬತ್ತು ಕಿಲೋ ಕಡಿಮೆಯಾದದ್ದಕ್ಕೆ ಇದೇ ಕಾರಣವಿರಬಹುದು.

ಇರಬಹುದು ಎಂದಷ್ಟೇ ಹೇಳುತ್ತೇನೆ. ವರ್ಗಗಳ ಮೊತ್ತ 116ನ್ನು ಮೂರರಿಂದ ಭಾಗಿಸಿ ವರ್ಗಮೂಲ ತೆಗೆದರೆ ಈ ಪಟ್ಟಿಯ ಬಿಂದುಗಳು ರೇಖೆಯಿಂದ ಸಾಮಾನ್ಯವಾಗಿ ಎಷ್ಟು ಸರಿಯುತ್ತವೆ ಎಂಬ ಅಳತೆ ಸಿಗುತ್ತದೆ, ಸುಮಾರು 6.2 ಕಿಲೋ. ಐದು ಸಾಲುಗಳಿದ್ದರೂ ಮೂರರಿಂದಲೇ ಭಾಗಿಸುವುದೇಕೆಂದರೆ ಇಳಿಜಾರು, ಸ್ಥಿರಾಂಕ ಎರಡನ್ನೂ ಇದೇ ಪಟ್ಟಿಯಿಂದ ಪಡೆದು ಎರಡು ಸಾಲಿನಷ್ಟು ಮಾಹಿತಿಯನ್ನು ಆಗಲೇ ಖರ್ಚು ಮಾಡಿದ್ದೇವೆ. ಒಂಬತ್ತು ಎಂಬುದು ಈ ಅಳತೆಯ ಒಂದೂವರೆ ಪಟ್ಟಿಗೂ ಕಡಿಮೆ, ಆದ್ದರಿಂದ ತೇವವಿಲ್ಲದ ಮಾಲಿನಲ್ಲೂ ಅಷ್ಟು ಏರುಪೇರು ಆಗಬಹುದು. ಹುಡುಗ ಈಗ ಅದೇ ಮಿಲ್ಲಿನಲ್ಲಿ ಬರುವ ಪ್ರತಿ ಮಾಲಿನ ತೇವಾಂಶವನ್ನೂ ತೂಕದ ಪಕ್ಕದಲ್ಲಿ ಬರೆದುಕೊಳ್ಳುತ್ತಿದ್ದಾನೆ. ಇಪ್ಪತ್ತು ಮೂವತ್ತು ಸಾಲುಗಳಾದ ಮೇಲೆ ಪ್ರತಿ ಸಾಲಿನ ಶೇಷವನ್ನು ಅದರ ತೇವಾಂಶದ ಎದುರು ಗುರುತಿಸಿ ನೋಡುವುದಾಗಿ ಹೇಳಿದ್ದಾನೆ.