‘ಉಚಿತ’ ಎಂಬ ಪದದ ತಪ್ಪೇನೂ ಇಲ್ಲ

ಸ್ಪ್ಯಾಮ್ ಪದಗಳ ಪಟ್ಟಿ ಎಂಬುದೊಂದು ಇದೆ, ಅದರಲ್ಲಿರುವ ಪದಗಳನ್ನು ಇಮೇಲಿನ ಸಬ್ಜೆಕ್ಟ್ ಸಾಲಿನಿಂದ ಕಿತ್ತುಹಾಕಿದರೆ ಪತ್ರ ಸೀದಾ ಇನ್‌ಬಾಕ್ಸ್ ಸೇರುತ್ತದೆ ಎಂಬ ನಂಬಿಕೆ ಎಷ್ಟು ಹೇಳಿದರೂ ಹೋಗುತ್ತಿಲ್ಲ. ಈ ನಂಬಿಕೆಯಿಂದಲೇ ಹುಟ್ಟಿದ್ದು FREE ಎಂಬುದನ್ನು F R E E ಎಂದೋ Fr3e ಎಂದೋ ಬರೆಯುವ ಚಾಳಿ. ಫಿಲ್ಟರನ್ನು ಏಮಾರಿಸಿದೆವು ಎಂದುಕೊಂಡವರು ವಾಸ್ತವದಲ್ಲಿ ತಮ್ಮ ವಿರುದ್ಧವೇ ಸಾಕ್ಷಿ ಒದಗಿಸಿರುತ್ತಾರೆ. ಏಕೆಂದರೆ ಫಿಲ್ಟರ್ ಪದಗಳನ್ನು ನಿಷೇಧಿಸುವುದಿಲ್ಲ, ತೂಗುತ್ತದೆ. Fr3e ಎಂಬಂಥ ರೂಪ ಸ್ಪ್ಯಾಮಿನಲ್ಲಲ್ಲದೆ ಬೇರೆಡೆ ಅಷ್ಟಾಗಿ ಸಿಗದು.

ಈ ತೂಗುವ ವಿದ್ಯೆಯ ಬೇರು ಹಳೆಯದು. ಥಾಮಸ್ ಬೇಯ್ಸ್ ಎಂಬ ಇಂಗ್ಲಿಷ್ ಪಾದ್ರಿಯ ಪ್ರಬಂಧವೊಂದು ಅವನು ತೀರಿಕೊಂಡ ಮೇಲೆ, 1763ರಲ್ಲಿ ಪ್ರಕಟವಾಯಿತು. ಹೊಸ ಸಾಕ್ಷ್ಯ ಸಿಕ್ಕಾಗ ಹಳೆಯ ಅಂದಾಜನ್ನು ಎಷ್ಟು ಬದಲಿಸಿಕೊಳ್ಳಬೇಕು ಎಂಬ ಲೆಕ್ಕ ಇಂದು ಅವನ ಹೆಸರಿನಲ್ಲೇ ಇದೆ. 1998ರ ಹೊತ್ತಿಗೆ ಸಂಶೋಧಕರು ಅದನ್ನು ಕಸದ ಇಮೇಲಿಗೆ ಅನ್ವಯಿಸಿ ನೋಡಿದ್ದರು. ಅದನ್ನು ಮನೆಮಾತಾಗಿಸಿದ್ದು ಪ್ರೋಗ್ರಾಮರ್ ಪಾಲ್ ಗ್ರಹಾಂ 2002ರಲ್ಲಿ ಬರೆದ ಲೇಖನ. ಸ್ಪ್ಯಾಮಿನ ಲಕ್ಷಣಗಳನ್ನು ಒಂದೊಂದಾಗಿ ಹುಡುಕಿ ನಿಯಮ ಬರೆಯುವುದರಲ್ಲಿ ಆತ ಸುಮಾರು ಆರು ತಿಂಗಳು ಕಳೆದಿದ್ದರು. ಆಮೇಲೆ ನಿಯಮಗಳನ್ನೆಲ್ಲ ಬದಿಗಿಟ್ಟು ಎರಡು ರಾಶಿ ಹಾಕಿಕೊಂಡರು: ಒಂದು ಸ್ಪ್ಯಾಮಿನದು, ಇನ್ನೊಂದು ಬೇಕಾದ ಪತ್ರಗಳದು. ಯಾವ ಪದ ಯಾವ ರಾಶಿಯಲ್ಲಿ ಎಷ್ಟು ಬಾರಿ ಬರುತ್ತದೆ ಎಂದು ಎಣಿಸುವ ಕೆಲಸವನ್ನು ಯಂತ್ರಕ್ಕೇ ಬಿಟ್ಟರು.

ಮರುವರ್ಷ ಅವರು ಪ್ರಕಟಿಸಿದ ಅಂಕಿಗಳಲ್ಲಿ ಒಂದು ಜೋಡಿ ನನಗೆ ಬಹಳ ಇಷ್ಟ. ಪತ್ರದ ಒಡಲಲ್ಲಿ ಸಣ್ಣಕ್ಷರದಲ್ಲಿ ಸುಮ್ಮನೆ free ಎಂದಿದ್ದರೆ ಅದು ಸ್ಪ್ಯಾಮ್ ಎನ್ನಲು ಆ ಪದ ಕೊಡುವ ಸಂಭವನೀಯತೆ 0.65ರ ಆಸುಪಾಸು. ಅದೇ ಪದ ದೊಡ್ಡಕ್ಷರದಲ್ಲಿ ಸಬ್ಜೆಕ್ಟ್ ಸಾಲಿನಲ್ಲಿ FREE ಎಂದು ಕೂತರೆ 0.9999. ಪದ ಒಂದೇ. ಬದಲಾದದ್ದು ಅದು ಕೂತ ಜಾಗ ಮತ್ತು ಅದರ ಅಬ್ಬರ. ಹಾಗಾದರೆ ತಪ್ಪು ಪದದ್ದು ಹೇಗಾದೀತು?

ಒಂದು ಉದಾಹರಣೆ ಹಿಡಿದು ನೋಡೋಣ. ಆಕಾಶ ವೀಕ್ಷಣೆಯ ಹವ್ಯಾಸಿಗಳ ಗುಂಪೊಂದು ತನ್ನ ಸದಸ್ಯರಿಗೆ ಆನ್‌ಲೈನ್ ಪಾಠವೊಂದರ ಆಹ್ವಾನ ಕಳಿಸಬೇಕಿದೆ ಎಂದಿಟ್ಟುಕೊಳ್ಳಿ. ಮೊದಲ ಕರಡು ಹೀಗಿದೆ:

‘ಉಚಿತ!!! ಕೊನೆಯ ಅವಕಾಶ, ಬ್ರಹ್ಮಾಂಡದ ರಹಸ್ಯ ನಿಮಗಾಗಿ, ಈಗಲೇ ತೆರೆಯಿರಿ’

ಲೆಕ್ಕ ಸುಲಭವಾಗಲೆಂದು ಅಂಕಿಗಳನ್ನು ನಾನೇ ಇಟ್ಟುಕೊಳ್ಳುತ್ತೇನೆ. ‘ಉಚಿತ’ ಸ್ಪ್ಯಾಮಿನಲ್ಲಿ 3 ಪಟ್ಟು ಹೆಚ್ಚು, ‘ಕೊನೆಯ ಅವಕಾಶ’ 5 ಪಟ್ಟು, ‘ಈಗಲೇ ತೆರೆಯಿರಿ’ 4 ಪಟ್ಟು ಹೆಚ್ಚು ಕಾಣಿಸಿಕೊಳ್ಳುತ್ತದೆ ಎನ್ನೋಣ. ತಕ್ಕಡಿಯ ಎರಡೂ ತಟ್ಟೆ ಸಮವಾಗಿದ್ದಲ್ಲಿಂದ ಶುರುಮಾಡಿ ಇವನ್ನು ಒಂದಕ್ಕೊಂದು ಗುಣಿಸಬೇಕು: 3 × 5 × 4 = 60. ಅಂದರೆ 60ಕ್ಕೆ 1ರಂತೆ ಸ್ಪ್ಯಾಮಿನ ಕಡೆಗೆ, ಶೇಕಡಾ 98ಕ್ಕೂ ಮೇಲೆ. ಮೂರೂ ಸಾಕ್ಷ್ಯಗಳು ಬಿಡಿಯಾಗಿ ದುರ್ಬಲವೇ. ಕೂಡಿ ಬಂದದ್ದೇ ಅಪಾಯ. ಇಂಥ ಸರಳ ಫಿಲ್ಟರಿಗೆ ಇನ್ನೊಂದು ಕುರುಡುತನವೂ ಇದೆ: ಸದಾ ಜೊತೆಗೇ ಬರುವ ‘ಕೊನೆಯ’, ‘ಅವಕಾಶ’ ಎಂಬಂಥ ಪದಗಳನ್ನು ಅದು ಪರಸ್ಪರ ಸಂಬಂಧವಿಲ್ಲದ ಎರಡು ಸಾಕ್ಷಿಗಳೆಂದು ಎಣಿಸಿಬಿಡುತ್ತದೆ. ಸವಕಲು ನುಡಿಗಟ್ಟಿಗೆ ಆಗ ಇಮ್ಮಡಿ ಶಿಕ್ಷೆ.

ಈಗ ಕರಡನ್ನು ಬದಿಗಿಟ್ಟು ಒಂದೇ ಪ್ರಶ್ನೆ ಕೇಳಿಕೊಳ್ಳಬೇಕು: ಈ ಪತ್ರದೊಳಗೆ ಇದ್ದು, ಬೇರಾವ ಪತ್ರದಲ್ಲೂ ಇರಲಾರದ ಸಂಗತಿ ಯಾವುದು? ಪುಟ್ಟ ದೂರದರ್ಶಕದಲ್ಲಿ ಶನಿಯ ಉಂಗುರವನ್ನು ಕಾಣುವ ಬಗೆ. ಅದು ಸಾಲಿನ ಮುಂದಕ್ಕೆ ಬರಬೇಕು, ಮೊಬೈಲಿನ ಪರದೆ ಸಾಲಿನ ಬಾಲವನ್ನು ಕತ್ತರಿಸಿಬಿಡುತ್ತದೆ. ‘ಕೊನೆಯ ಅವಕಾಶ’ ನಿಜವೇ? ಅದೇ ಪಾಠ ಮುಂದಿನ ತಿಂಗಳು ಮತ್ತೆ ಇದೆ ಎಂದಾದರೆ ಅದು ಸುಳ್ಳು, ತೆಗೆಯಬೇಕು. ನಿಜವಾದ ಗಡುವಿದ್ದರೆ ‘ನೋಂದಣಿ ಶುಕ್ರವಾರದವರೆಗೆ’ ಎಂದರಾಯಿತು. ‘ಬ್ರಹ್ಮಾಂಡದ ರಹಸ್ಯ’ವನ್ನು ಒಂದು ಗಂಟೆಯ ಪಾಠ ಕೊಡಲಾರದು, ಅದೂ ಹೋಗಲಿ. ಪಾಠಕ್ಕೆ ಶುಲ್ಕವಿಲ್ಲ ಎಂಬುದು ಮಾತ್ರ ನಿಜ, ಓದುಗರಿಗೆ ಬೇಕಾದದ್ದೂ ಹೌದು. ಅದು ಉಳಿಯಲಿ:

‘ಪುಟ್ಟ ದೂರದರ್ಶಕದಲ್ಲಿ ಶನಿಯ ಉಂಗುರ: ಶನಿವಾರ ಸಂಜೆ 6ಕ್ಕೆ ಉಚಿತ ಪಾಠ’

‘ದೂರದರ್ಶಕ’ ಎಂಬ ಪದ ಬೇಕಾದ ಪತ್ರಗಳಲ್ಲಿ 50 ಪಟ್ಟು, ‘ಶನಿಯ ಉಂಗುರ’ 20 ಪಟ್ಟು ಹೆಚ್ಚು ಎಂದಿಟ್ಟುಕೊಂಡರೆ, ‘ಉಚಿತ’ದ 3ನ್ನು 1000 ದಿಂದ ಭಾಗಿಸಬೇಕು. ಸ್ಪ್ಯಾಮ್ ಎನ್ನುವ ಸಂಭವನೀಯತೆ ಶೇಕಡಾ 0.3ಕ್ಕೆ ಇಳಿಯಿತು. ಮೂರು ಪಟ್ಟು ತೂಕದ ‘ಉಚಿತ’ ಅಲ್ಲೇ ಕೂತಿದೆ, ಯಾರಿಗೂ ತೊಂದರೆ ಕೊಡುತ್ತಿಲ್ಲ.

ಹಾಗಾದರೆ ಒಳ್ಳೆಯ ಪದಗಳನ್ನು ತುರುಕಿದರೆ ಕೆಟ್ಟ ಪತ್ರವೂ ಪಾರಾಗಬಹುದಲ್ಲ? ಸ್ಪ್ಯಾಮ್ ಕಳಿಸುವವರು ಇದನ್ನು ಮಾಡಿಯೇ ಮಾಡಿದರು. ಪತ್ರದ ಅಡಿಗೆ ಸಂಬಂಧವಿಲ್ಲದ ಪ್ಯಾರಾಗಳನ್ನು ಅಂಟಿಸಿದರು, ಬಿಳಿ ಹಿನ್ನೆಲೆಯಲ್ಲಿ ಬಿಳಿ ಅಕ್ಷರ ಬರೆದರು. ಆದರೆ ಯಾವ ಪದ ‘ಒಳ್ಳೆಯದು’ ಎಂಬುದು ಒಬ್ಬೊಬ್ಬರ ಪತ್ರರಾಶಿಯಲ್ಲಿ ಒಂದೊಂದು ಬಗೆ. ನಕ್ಷತ್ರ ನೋಡುವವರಿಗೆ ಶನಿ, ಹೊಲಿಗೆಯವರಿಗೆ ದಾರ. ಅಪರಿಚಿತರಿಗೆ ಅದು ಗೊತ್ತಿರುವುದಿಲ್ಲ, ಪ್ರಾಮಾಣಿಕ ಕಳಿಸುಗರಿಗೆ ಗೊತ್ತಿರುತ್ತದೆ. ಮೇಲಾಗಿ ಇಂದಿನ ಫಿಲ್ಟರುಗಳು ಪದಗಳಷ್ಟನ್ನೇ ನೋಡುವುದಿಲ್ಲ. ಪತ್ರ ನಿಜಕ್ಕೂ ಆ ವಿಳಾಸದವರದೇ ಎಂದು ದೃಢಪಡಿಸುವ SPF, DKIM ಪರೀಕ್ಷೆಗಳಿವೆ. ಕಳಿಸುವವರಿಗೆ ಹಿಂದೆ ಬಂದ ದೂರುಗಳ ದಾಖಲೆಯಿದೆ. ಅಲ್ಲಿ ಸೋತ ಪತ್ರವನ್ನು ಎಂಥ ಚಂದದ ಸಾಲೂ ಕಾಪಾಡದು.

ಈ ದೂರಿನ ಲೆಕ್ಕವೇ ಸುಳ್ಳು ಸಾಲುಗಳನ್ನು ಕೊನೆಗೆ ಹಿಡಿದುಹಾಕುವುದು. ಹಿಂದೆ ಮಾತುಕತೆಯೇ ಆಗದಿದ್ದರೂ ‘Re:’ ಎಂದು ಶುರುಮಾಡಿದರೆ ಪತ್ರವನ್ನು ತೆರೆಯುವವರು ಹೆಚ್ಚಬಹುದು, ನಿಜ. ತೆರೆದವರಿಗೆ ಮೋಸ ತಿಳಿಯಲು ಎರಡು ಕ್ಷಣ ಸಾಕು, ಸ್ಪ್ಯಾಮ್ ಗುಂಡಿ ಕಣ್ಣೆದುರೇ ಇದೆ. ಜಿಮೇಲ್ 2024ರ ಫೆಬ್ರುವರಿಯಿಂದ ಜಾರಿಗೆ ತಂದ ನಿಯಮಗಳಲ್ಲಿ ದೂರಿನ ಪ್ರಮಾಣ ಶೇಕಡಾ 0.3 ಮುಟ್ಟಬಾರದು ಎಂದಿದೆ, 0.1ಕ್ಕಿಂತ ಕೆಳಗಿದ್ದರೆ ಒಳ್ಳೆಯದು. ಇನ್‌ಬಾಕ್ಸ್ ಸೇರಿದ ಸಾವಿರ ಪತ್ರಕ್ಕೆ ಮೂವರು ಮುನಿದರೂ ಸಾಕು, ಮುಂದೆ ಕಳಿಸುವ ಸತ್ಯವಾದ ಪತ್ರಗಳಿಗೂ ಅದರ ಏಟು ಬೀಳಬಹುದು. ಅಮೆರಿಕದಲ್ಲಂತೂ ವ್ಯಾಪಾರದ ಇಮೇಲಿನಲ್ಲಿ ದಾರಿ ತಪ್ಪಿಸುವ ಸಬ್ಜೆಕ್ಟ್ ಸಾಲನ್ನು 2003ರ CAN-SPAM ಕಾಯ್ದೆಯೇ ನಿಷೇಧಿಸಿದೆ.

ಹೊಸ ಸಾಲು ಹಳೆಯದಕ್ಕಿಂತ ಮೇಲೇ ಎಂದು ತಿಳಿಯಲು ವಿಳಾಸಪಟ್ಟಿಯನ್ನು ಚೀಟಿ ಎತ್ತಿದ ಹಾಗೆ ಎರಡು ಭಾಗ ಮಾಡಿ, ಒಂದೇ ಪತ್ರವನ್ನು ಒಂದೇ ಹೊತ್ತಿಗೆ ಎರಡು ಸಾಲುಗಳಲ್ಲಿ ಕಳಿಸಬೇಕು. ಆದರೆ ಎಷ್ಟು ಜನ ತೆರೆದರು ಎಂಬ ಅಂಕಿಯನ್ನೇ ನೆಚ್ಚಬೇಡಿ. ಪತ್ರದಲ್ಲಿ ಅಡಗಿಸಿಟ್ಟ ಚುಕ್ಕೆಯಷ್ಟು ಚಿತ್ರ ಡೌನ್‌ಲೋಡ್ ಆದಾಗ ‘ತೆರೆದರು’ ಎಂದು ದಾಖಲಾಗುತ್ತದೆ. 2021ರಿಂದ ಆಪಲ್‌ನ ಮೇಲ್ ಆ್ಯಪ್, ಬಳಕೆದಾರರು ಗೋಪ್ಯತೆಯ ರಕ್ಷಣೆಯನ್ನು ಆಯ್ದುಕೊಂಡಿದ್ದರೆ, ಪತ್ರವನ್ನು ಯಾರೂ ಮುಟ್ಟದಿದ್ದರೂ ಇಂಥ ಚಿತ್ರಗಳನ್ನು ತಾನೇ ಮೊದಲೇ ತಂದಿಟ್ಟುಕೊಳ್ಳುತ್ತದೆ. ಹಾಗಾಗಿ ನಮ್ಮ ಗುಂಪು ಎಣಿಸಬೇಕಾದದ್ದು ಎರಡನ್ನು: ಪಾಠಕ್ಕೆ ಹೆಸರು ಕೊಟ್ಟವರೆಷ್ಟು, ಸ್ಪ್ಯಾಮ್ ಎಂದು ದೂರಿದವರೆಷ್ಟು. ತೆರೆದವರು ಹೆಚ್ಚಿ ಹೆಸರು ಕೊಟ್ಟವರು ಹೆಚ್ಚದಿದ್ದರೆ, ಒಳಗಿಲ್ಲದ ಏನನ್ನೋ ಸಾಲು ಹೇಳುತ್ತಿರಬಹುದು. ಆಗ ಪತ್ರವನ್ನು ಮತ್ತೊಮ್ಮೆ ಓದಿ, ಸಾಲನ್ನು ಇನ್ನೊಮ್ಮೆ ತಿದ್ದಬೇಕು.